ಕೊಸರಿಗೂ ಒಂದು ಬೆಲೆಯುಂಟು

ಸಂತೆಯಲ್ಲಿ ಎರಡು ಕಿಲೋ ಬದನೆಕಾಯಿ ತೂಗಿ ಚೀಲಕ್ಕೆ ಹಾಕಿದ ಮೇಲೆ ಮಾರುವಾಕೆ ಒಂದು ಹಿಡಿ ಕರಿಬೇವನ್ನೂ ಹಾಕುತ್ತಾಳೆ. ಅದು ಕೊಸರು. ಅದರ ಬೆಲೆ ಎಷ್ಟೆಂದು ಯಾರೂ ಕೇಳುವುದಿಲ್ಲ, ಸಂಜೆ ದುಡ್ಡು ಎಣಿಸುವಾಗ ಅದು ಅವಳ ಲೆಕ್ಕಕ್ಕೂ ಬರುವುದಿಲ್ಲ. ಫೋನಿನ ಜೊತೆ ಒಂದು ವರ್ಷದ ಕರೆ ಮತ್ತು ಡೇಟಾ ಯೋಜನೆಯನ್ನು ಉಚಿತವಾಗಿ ಕೊಡುವ ಕಂಪನಿಯೂ ತನ್ನ ಕೊಡುಗೆಯನ್ನು ಹೀಗೇ ಕಾಣಲು ಬಯಸುತ್ತದೆ. ಬಿಲ್ಲಿನಲ್ಲಿ ಫೋನಿನ ಮುಂದೆ 12,000 ರೂಪಾಯಿ, ಯೋಜನೆಯ ಮುಂದೆ ಸೊನ್ನೆ.

ಆದರೆ ಈ ಎರಡಕ್ಕೂ ದೊಡ್ಡ ವ್ಯತ್ಯಾಸವಿದೆ. ಕರಿಬೇವು ಚೀಲಕ್ಕೆ ಬಿದ್ದ ಕ್ಷಣಕ್ಕೆ ವ್ಯಾಪಾರ ಮುಗಿಯಿತು. ಫೋನ್ ಮಾರಿದ ಕಂಪನಿ ಮಾತ್ರ ಮುಂದಿನ ಹನ್ನೆರಡು ತಿಂಗಳು ಆ ಗ್ರಾಹಕನ ಕರೆಗಳನ್ನು ಸಾಗಿಸಬೇಕು, ಡೇಟಾ ಕೊಡಬೇಕು, ಅವನಿಗಾಗಿ ಟವರುಗಳನ್ನು ನಡೆಸಬೇಕು. ದುಡ್ಡು ಮೊದಲ ದಿನವೇ ಪೂರ್ತಿ ಕೈಸೇರಿದೆ, ಕೆಲಸ ಅರ್ಧವೂ ಆಗಿಲ್ಲ. ಹಾಗಾದರೆ ಆ 12,000ದಲ್ಲಿ ಕಂಪನಿ ಇವತ್ತು ಗಳಿಸಿದ್ದು ಎಷ್ಟು, ಇನ್ನೂ ಗಳಿಸಬೇಕಾದದ್ದು ಎಷ್ಟು?

ದೂರವಾಣಿ ಕಂಪನಿಗಳಿಗೆ ಈ ಪ್ರಶ್ನೆ ಹಳೆಯದು. ನಮ್ಮಲ್ಲಿ 2003ರ ಮಳೆಗಾಲದಲ್ಲಿ ರಿಲಯನ್ಸ್ ಇನ್ಫೋಕಾಮ್ ‘ಮಾನ್ಸೂನ್ ಹಂಗಾಮಾ’ ಎಂಬ ಹೆಸರಿನಲ್ಲಿ 501 ರೂಪಾಯಿ ಮುಂಗಡಕ್ಕೇ ಹ್ಯಾಂಡ್‌ಸೆಟ್ ಕೊಟ್ಟದ್ದು ಹಲವರಿಗೆ ನೆನಪಿರಬಹುದು. ಯೂರೋಪು, ಅಮೆರಿಕಗಳಲ್ಲಿ ಮಾಸಿಕ ಬಾಡಿಗೆಯ ಕರಾರಿಗೆ ಸಹಿ ಹಾಕಿದವರಿಗೆ ಫೋನನ್ನೇ ಪುಕ್ಕಟೆ ಕೊಡುತ್ತಿದ್ದರು. ಅಲ್ಲಿನ ಹಲವು ಕಂಪನಿಗಳ ವಾದ ಸರಳವಾಗಿತ್ತು: ನಮ್ಮ ವ್ಯಾಪಾರ ಸೇವೆಯದು, ಫೋನು ಗ್ರಾಹಕನನ್ನು ಸೆಳೆಯುವ ಪ್ರಚಾರದ ಖರ್ಚು. ಅಂದರೆ ಕೊಸರು. 2014ರ ಮೇ ತಿಂಗಳಲ್ಲಿ ಹೊರಬಂದ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ ಐಎಫ್‌ಆರ್‌ಎಸ್ 15 ಈ ವಾದವನ್ನು ತಳ್ಳಿಹಾಕಿತು. ಮಾರುವವನಿಗೆ ಅದು ಪ್ರಚಾರವಿರಬಹುದು, ಕೊಳ್ಳುವವನು ದುಡ್ಡು ಕೊಟ್ಟು ಪಡೆಯುತ್ತಿರುವ ವಸ್ತುಗಳಲ್ಲಿ ಅದೂ ಒಂದು ಎಂಬುದು ಅದರ ನಿಲುವು. ಅದರ ಭಾರತೀಯ ರೂಪ ಇಂಡ್ ಎಎಸ್ 115. ಇದು 2018ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಮುಖ್ಯವಾಗಿ ಷೇರುಪೇಟೆಯಲ್ಲಿ ನೋಂದಾಯಿತವಾದ ಮತ್ತು 250 ಕೋಟಿಗಿಂತ ಹೆಚ್ಚು ನಿವ್ವಳ ಮೌಲ್ಯವಿರುವ ಕಂಪನಿಗಳಿಗೆ ಅನ್ವಯಿಸುತ್ತದೆ. ಬಸ್ ನಿಲ್ದಾಣದ ಪಕ್ಕದ ಮೊಬೈಲ್ ಅಂಗಡಿಗೆ ಈ ಕಟ್ಟುಪಾಡಿಲ್ಲ.

ಈಗ ಲೆಕ್ಕಕ್ಕೆ ಬರೋಣ. ನಾನು ಕೆಳಗೆ ಬಳಸುವ ಅಂಕಿಗಳು ಉದಾಹರಣೆಗಾಗಿ ಕಟ್ಟಿಕೊಂಡವು; ಜಿಎಸ್‌ಟಿಯನ್ನು ಹೊರಗಿಟ್ಟಿದ್ದೇನೆ.

ಕಂಪನಿ ಅದೇ ಫೋನನ್ನು ಯೋಜನೆಯಿಲ್ಲದೆ ಬೇರೆ ಕಡೆ 12,000ಕ್ಕೇ ಮಾರುತ್ತದೆ. ಯೋಜನೆಯನ್ನು ಬಿಡಿಯಾಗಿ ಕೊಂಡವರು ತಿಂಗಳಿಗೆ 250ರಂತೆ ವರ್ಷಕ್ಕೆ 3,000 ಕೊಡುತ್ತಾರೆ. ಎರಡರ ಬಿಡಿ ಬೆಲೆ ಕೂಡಿದರೆ 15,000. ಗ್ರಾಹಕ ಕೊಟ್ಟದ್ದು 12,000. ಬಿಡಿ ಬೆಲೆಗಳಲ್ಲಿ ಫೋನಿನ ಪಾಲು ನೂರಕ್ಕೆ ಎಂಬತ್ತು, ಯೋಜನೆಯದು ಇಪ್ಪತ್ತು. ಬಂದ ಹಣವನ್ನೂ ಅದೇ ಪ್ರಮಾಣದಲ್ಲಿ ಹಂಚಬೇಕು: ಫೋನಿಗೆ 9,600, ಯೋಜನೆಗೆ 2,400. ಫೋನ್ ಗ್ರಾಹಕನ ಕೈಸೇರಿದ ದಿನ 9,600 ಆದಾಯವಾಗುತ್ತದೆ. ಉಳಿದ 2,400 ಅಂದು ಆದಾಯವಲ್ಲ, ಕಂಪನಿ ತೀರಿಸಬೇಕಾದ ಋಣ. ಅದು ಬ್ಯಾಲೆನ್ಸ್ ಶೀಟಿನಲ್ಲಿ ಹೊಣೆಗಾರಿಕೆಯ ಕಡೆ ಕೂರುತ್ತದೆ, ತಿಂಗಳಿಗೆ 200ರಂತೆ ಕರಗುತ್ತಾ ಆದಾಯವಾಗುತ್ತದೆ. ಗ್ರಾಹಕ ಆ ಸಿಮ್ಮನ್ನು ಮೇಜಿನ ಡ್ರಾಯರಿನಲ್ಲಿ ಹಾಕಿಟ್ಟು ಮರೆತರೂ 200 ಕರಗುವುದು ನಿಲ್ಲುವುದಿಲ್ಲ. ಅವನು ಯಾವ ಗಳಿಗೆಯಲ್ಲಿ ಕರೆ ಮಾಡಿದರೂ ಸಾಗಿಸಲು ಕಂಪನಿ ಸಿದ್ಧವಾಗಿ ನಿಂತಿತ್ತಲ್ಲ, ಮಾರಿದ್ದು ಆ ಸಿದ್ಧತೆಯನ್ನೇ.

ಖರ್ಚಿನ ಕಡೆ ನೋಡಿದರೆ ಚಿತ್ರ ಇನ್ನಷ್ಟು ಸ್ಪಷ್ಟ. ಆ ಫೋನ್ ಕಂಪನಿಗೆ ಬಿದ್ದ ಖರೀದಿ ಬೆಲೆ 9,000 ಎನ್ನಿ. ಫೋನ್ ಕೈಬಿಟ್ಟ ದಿನವೇ ಆ 9,000 ಪೂರ್ತಿ ಖರ್ಚಾಗುತ್ತದೆ. ಬೆಲೆ ಹಂಚದಿದ್ದರೆ ಅಂದಿನ ಲಾಭ 3,000. ಹಂಚಿದರೆ ಬರೀ 600. ಖರೀದಿ 10,000 ಆಗಿದ್ದರೆ ಮೊದಲ ದಿನವೇ 400 ನಷ್ಟ ಕಾಣುತ್ತದೆ. ಕಂಪನಿಯ ಅಧಿಕಾರಿಗಳು ಇದನ್ನು ಕಂಡು ಗಾಬರಿಯಾಗುವುದುಂಟು. ಆ ನಷ್ಟ ಲೆಕ್ಕದ ತಪ್ಪಲ್ಲ. ಸೇವೆ ಒದಗಿಸುತ್ತಾ ಹೋದಂತೆ ಬರುವ ಗಳಿಕೆಯ ಮೇಲೆ ಭರವಸೆಯಿಟ್ಟು ಫೋನನ್ನು ಅಗ್ಗಕ್ಕೆ ಬಿಟ್ಟುಕೊಟ್ಟಿದ್ದಾರೆ. ಲೆಕ್ಕ ಆ ನಿರ್ಧಾರವನ್ನು ಇದ್ದ ಹಾಗೆ ತೋರಿಸುತ್ತಿದೆ, ಅಷ್ಟೆ.

ಲೆಕ್ಕಪರಿಶೋಧನೆಗೆ ಹೋದ ಕಡೆಗಳಲ್ಲಿ ನಾನು ಮತ್ತೆ ಮತ್ತೆ ಕೇಳಿದ ಮಾತೊಂದಿದೆ. ‘ಸಾರ್, ಫ್ರೀ ಅಂತ ನಾವೇ ಬರೆದುಕೊಟ್ಟಿದ್ದೀವಿ. ಗ್ರಾಹಕರೂ ಒಪ್ಪಿದ್ದಾರೆ. ರಿಯಾಯಿತಿ ಪೂರ್ತಿ ಪ್ಲಾನ್ ಮೇಲೆ ಕೊಟ್ಟಿರೋದು, ಫೋನ್ ಮೇಲೆ ಅಲ್ಲ. ನೀವ್ಯಾಕೆ ಫೋನಿನ ಬೆಲೆ ಇಳಿಸ್ತೀರಿ?’ ಮೇಲ್ನೋಟಕ್ಕೆ ನ್ಯಾಯವಾದ ಪ್ರಶ್ನೆ. ಆದರೆ ಅದೇ ಕೊಡುಗೆಯನ್ನು ತಿರುಗಿಸಿ, ‘12,000ದಲ್ಲಿ 3,000 ವರ್ಷದ ಯೋಜನೆಗೆ, ಫೋನ್ ಬರೀ 9,000ಕ್ಕೆ’ ಎಂದು ಫಲಕ ಬರೆಸಬಹುದು. ಗ್ರಾಹಕನ ಜೇಬಿನಿಂದ ಹೋಗುವ ಹಣವೂ ಅವನಿಗೆ ಸಿಗುವ ಸಾಮಾನೂ ಬದಲಾಗುವುದಿಲ್ಲ. ಫಲಕದ ಮಾತಿನ ಮೇಲೆ ಲಾಭ ನಿಂತರೆ ಲಾಭವನ್ನು ನಿರ್ಧರಿಸುವವನು ಜಾಹೀರಾತು ಬರೆಯುವವನಾಗುತ್ತಾನೆ. ರಿಯಾಯಿತಿಯನ್ನು ಒಂದೇ ವಸ್ತುವಿಗೆ ಕಟ್ಟಲು ಮಾನದಂಡದಲ್ಲಿ ಒಂದು ವಿನಾಯಿತಿ ಇದೆ ನಿಜ. ಆದರೆ ಗಂಟಿನೊಳಗಿನ ಕೆಲವು ವಸ್ತುಗಳನ್ನಷ್ಟೇ ಸೇರಿಸಿ ಅದೇ ರಿಯಾಯಿತಿಯಲ್ಲಿ ನಿಯಮಿತವಾಗಿ ಮಾರುತ್ತಿರುವುದಕ್ಕೆ ಪುರಾವೆ ಬೇಕು. ಹಾಗಾಗಿ ಮೂರಾದರೂ ವಸ್ತುಗಳಿರುವ ಕೊಡುಗೆಗಳಲ್ಲಿ ಅದು ಸಾಮಾನ್ಯವಾಗಿ ಉಪಯೋಗಕ್ಕೆ ಬರುತ್ತದೆ. ಒಂದು ಫೋನು, ಒಂದು ಯೋಜನೆಯಿರುವಲ್ಲಿ ಅದಕ್ಕೆ ಎಡೆಯಿಲ್ಲ.

ಓದುಗರಿಗೆ ಇಲ್ಲೊಂದು ಅನುಮಾನ ಬರಬಹುದು. ಫೋನಿನ ಜೊತೆ ಒಂದು ವರ್ಷದ ವಾರಂಟಿಯೂ ಬರುತ್ತದಲ್ಲ, ಅದಕ್ಕೂ ಪಾಲು ಕೊಡಬೇಕೇ? ಕೊಡಬೇಕಿಲ್ಲ. ತಯಾರಿಕೆಯ ದೋಷವಿದ್ದರೆ ಸರಿಪಡಿಸಿ ಕೊಡುತ್ತೇವೆ ಎಂಬುದು ‘ನಾವು ಮಾರಿದ್ದು ಒಳ್ಳೆಯ ಫೋನು’ ಎಂಬ ಮಾತಿನ ಮುಂದುವರಿಕೆ, ಬೇರೆ ಸೇವೆಯಲ್ಲ. ಅದಕ್ಕೆ ತಗಲಬಹುದಾದ ಖರ್ಚನ್ನು ಅಂದಾಜಿಸಿ ತೆಗೆದಿರಿಸಿದರೆ ಸಾಕು. ಕೈಜಾರಿ ಬಿದ್ದು ಪರದೆ ಒಡೆದರೂ ಬದಲಿಸಿ ಕೊಡುತ್ತೇವೆ ಎಂದರೆ ಮಾತು ಬೇರೆ. ಅದು ದೋಷದ ರಿಪೇರಿಯಲ್ಲ, ಹೊಸದೊಂದು ಸೇವೆ. ಪುಕ್ಕಟೆ ಎಂದು ಕೊಟ್ಟರೂ ಅದಕ್ಕೆ ಪಾಲು ಉಂಟು.

ಇಡೀ ಲೆಕ್ಕ ನಿಂತಿರುವುದು ಬಿಡಿ ಬೆಲೆಗಳ ಮೇಲೆ. ಎಡವುವುದೂ, ಕೆಲವೊಮ್ಮೆ ಬೇಕೆಂದೇ ಎಡವುವುದೂ ಅಲ್ಲೇ. ಕಂಪನಿ ಎರಡನ್ನೂ ಬಿಡಿಯಾಗಿ ಮಾರುತ್ತಿದ್ದರೆ ಆ ಬೆಲೆಯೇ ಸಾಕ್ಷಿ. ಯೋಜನೆಯನ್ನು ಫೋನಿನ ಜೊತೆ ಬಿಟ್ಟು ಬೇರೆಲ್ಲೂ ಮಾರುವುದೇ ಇಲ್ಲ ಎಂದರೆ ಅಂದಾಜು ಕಟ್ಟಬೇಕು: ಪ್ರತಿಸ್ಪರ್ಧಿಗಳು ಅಂಥದ್ದಕ್ಕೆ ಎಷ್ಟು ತೆಗೆದುಕೊಳ್ಳುತ್ತಾರೆ, ಅಥವಾ ಒದಗಿಸಲು ತಗಲುವ ಖರ್ಚಿನ ಮೇಲೆ ಸಹಜ ಲಾಭ ಸೇರಿಸಿದರೆ ಎಷ್ಟಾಗುತ್ತದೆ. ಈ ಅಂದಾಜನ್ನು 3,000ದ ಬದಲು 500 ಎಂದು ಹಿಡಿದರೆ ಏನಾಗುತ್ತದೆ ನೋಡಿ. ಒಟ್ಟು ಬಿಡಿ ಬೆಲೆ 12,500. ಫೋನಿನ ಪಾಲು 11,520ಕ್ಕೆ ಏರುತ್ತದೆ, ಯೋಜನೆಯದು 480ಕ್ಕೆ ಇಳಿಯುತ್ತದೆ. ಮಾರಿದ ದಿನದ ಆದಾಯ ಫೋನಿಗೆ 1,920ರಷ್ಟು ಹೆಚ್ಚಿತು. ಮಾರ್ಚ್ ಕೊನೆಯ ವಾರದಲ್ಲಿ 10,000 ಫೋನ್ ಮಾರಿದರೆ, ಮುಂದಿನ ವರ್ಷಕ್ಕೆ ಸೇರಬೇಕಾದ ಸುಮಾರು 1.92 ಕೋಟಿ ಈ ವರ್ಷದ ಲಾಭದೊಳಗೆ ಬಂದು ಕೂತಿತು. ಆದ್ದರಿಂದ ಪರಿಶೋಧಕನಾದವನು ಆ ಅಂದಾಜಿನ ಹಾಳೆಯನ್ನು ಮಾತ್ರ ನೋಡಿ ಸುಮ್ಮನಿರಬಾರದು. ಕಂಪನಿಯ ರೀಚಾರ್ಜ್ ದರಪಟ್ಟಿ, ಮಾರುಕಟ್ಟೆಯ ದರ, ಒಬ್ಬ ಗ್ರಾಹಕನ ಮೇಲೆ ತಿಂಗಳಿಗೆ ಬೀಳುವ ಖರ್ಚು, ಮೂರನ್ನೂ ಪಕ್ಕದಲ್ಲಿಟ್ಟು ನೋಡಬೇಕು.

ಅತಿ ಎಚ್ಚರವೂ ಚಿತ್ರವನ್ನು ಕೆಡಿಸಬಲ್ಲದು ಎಂಬುದಕ್ಕೆ ಆಪಲ್ ಕಂಪನಿಯ ಲೆಕ್ಕ ಒಳ್ಳೆಯ ನಿದರ್ಶನ. 2007ರಲ್ಲಿ ಐಫೋನ್ ಬಂದಾಗ ಕೊಂಡವರಿಗೆ ಮುಂದೆ ಹೊಸ ಸಾಫ್ಟ್‌ವೇರ್ ಸೌಲಭ್ಯಗಳನ್ನು ಉಚಿತವಾಗಿ ಕೊಡುವುದಾಗಿ ಆಪಲ್ ಹೇಳಿತ್ತು. ಆ ಸಾಫ್ಟ್‌ವೇರನ್ನು ಬಿಡಿಯಾಗಿ ಮಾರಿದ ಬೆಲೆಯ ಪುರಾವೆ ಇರಲಿಲ್ಲ. ಪುರಾವೆಯಿಲ್ಲದೆ ಬೆಲೆ ಹಂಚಲು ಅಂದಿನ ಅಮೆರಿಕದ ನಿಯಮ ಬಿಡುತ್ತಿರಲಿಲ್ಲ. ಹಾಗಾಗಿ ಫೋನಿನ ಇಡೀ ಬೆಲೆಯನ್ನೇ 24 ತಿಂಗಳಿಗೆ ಹರಡಬೇಕಾಯಿತು. ಜನ ಸಾಲುಗಟ್ಟಿ ನಿಂತು ಫೋನ್ ಕೊಳ್ಳುತ್ತಿದ್ದರು, ಪುಸ್ತಕದಲ್ಲಿ ಆದಾಯ ಹನಿಹನಿಯಾಗಿ ಇಳಿಯುತ್ತಿತ್ತು. 2009ರಲ್ಲಿ ನಿಯಮ ಬದಲಾಗಿ, ಪುರಾವೆ ಇಲ್ಲದಿದ್ದರೆ ಯೋಗ್ಯ ಅಂದಾಜು ಸಾಕು ಎಂದಾಯಿತು. ಆಪಲ್ ಪ್ರತಿ ಐಫೋನಿನ ಸಾಫ್ಟ್‌ವೇರ್ ಹಕ್ಕಿಗೆ 25 ಡಾಲರ್ ಎಂದು ಅಂದಾಜಿಸಿ ಅದನ್ನಷ್ಟೇ 24 ತಿಂಗಳಿಗೆ ಹರಡಿತು. ಹೆಚ್ಚುಕಡಿಮೆ ಉಳಿದದ್ದೆಲ್ಲ ಮಾರಿದ ದಿನವೇ ಆದಾಯ. ಹಳೆಯ ವರ್ಷಗಳ ಲೆಕ್ಕವನ್ನೂ ತಿದ್ದಿ ಬರೆದಾಗ, 2009ರ ಸೆಪ್ಟೆಂಬರಿಗೆ ಮುಗಿದ ವರ್ಷದ ಮಾರಾಟ 3,654 ಕೋಟಿ ಡಾಲರಿನಿಂದ 4,290 ಕೋಟಿಗೆ, ಲಾಭ 570 ಕೋಟಿಯಿಂದ 823 ಕೋಟಿಗೆ ಏರಿತು. ಒಂದು ಫೋನೂ ಹೆಚ್ಚಿಗೆ ಮಾರಾಟವಾಗಿರಲಿಲ್ಲ.

ಷೇರು ಕೊಂಡವರು ಇಂಥ ಕಂಪನಿಯ ವಾರ್ಷಿಕ ವರದಿ ಕೈಗೆ ಬಂದರೆ ಎರಡು ಕಡೆ ಕಣ್ಣಾಡಿಸುವುದು ಒಳ್ಳೆಯದು. ಮೊದಲನೆಯದು, ಗ್ರಾಹಕರಿಂದ ಮುಂಚಿತವಾಗಿ ಬಂದು ಇನ್ನೂ ಆದಾಯವಾಗದ ಹಣ. ಇದನ್ನು ‘ಕಾಂಟ್ರಾಕ್ಟ್ ಲಯಬಿಲಿಟಿ’ ಎಂಬ ಹೆಸರಿನಲ್ಲಿ ತೋರಿಸಿರುತ್ತಾರೆ. ಉಚಿತ ಯೋಜನೆಯ ಫೋನುಗಳು ಭರ್ಜರಿಯಾಗಿ ಮಾರಿದ ವರ್ಷ ಈ ಮೊತ್ತವೂ ಬೆಳೆದಿರಬೇಕು. ಮಾರಾಟ ಏರಿ ಇದು ಮಾತ್ರ ನಿಂತಲ್ಲೇ ನಿಂತಿದ್ದರೆ ಯಾಕೆಂದು ಕೇಳಬೇಕು. ಎರಡನೆಯದು, ಬಿಡಿ ಬೆಲೆಯನ್ನು ಹೇಗೆ ನಿರ್ಧರಿಸಿದರೆಂಬ ಟಿಪ್ಪಣಿ. ಮಾನದಂಡ ಅದನ್ನು ವಿವರಿಸಲು ಹೇಳುತ್ತದೆ, ಕೆಲವರು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ.

ತೆರಿಗೆಯ ದಾರಿ ಮಾತ್ರ ಬೇರೆ. ಇಡೀ 12,000ದ ಮೇಲೆ ಬಿಲ್ ಹರಿದ ತಿಂಗಳಿನ ಲೆಕ್ಕಕ್ಕೇ ಜಿಎಸ್‌ಟಿ ಕಟ್ಟಬೇಕು. ಪುಸ್ತಕದಲ್ಲಿ 2,400 ಇನ್ನೂ ಗಳಿಕೆಯಾಗಿಲ್ಲ ಎಂಬ ನೆಪಕ್ಕೆ ಅಲ್ಲಿ ಬೆಲೆಯಿಲ್ಲ.

ನಮ್ಮ ಉದಾಹರಣೆಯ ಗ್ರಾಹಕನ ವರ್ಷ ಮುಗಿಯುವ ದಿನ ಕೊನೆಯ 200 ಆದಾಯವಾಗಿ, ಅವನ ಹೆಸರಿನ ಋಣ ಸೊನ್ನೆಗೆ ಬರುತ್ತದೆ. ಹದಿಮೂರನೆಯ ತಿಂಗಳು ಅವನು ಅದೇ ನಂಬರಿಗೆ 250 ಕೊಟ್ಟು ರೀಚಾರ್ಜ್ ಮಾಡಿಸಿದರೆ ಆ ತಿಂಗಳ ಆದಾಯ 250. ಸೇವೆ ಅದೇ, ಟವರ್ ಅದೇ, ಆದಾಯ ಮಾತ್ರ 50 ರೂಪಾಯಿ ಹೆಚ್ಚು. ಹಿಂದಿನ ಹನ್ನೆರಡು ತಿಂಗಳೂ ಕಂಪನಿ ಬಿಟ್ಟುಕೊಟ್ಟ ರಿಯಾಯಿತಿಯಲ್ಲಿ ಯೋಜನೆ ಹೊತ್ತ ಪಾಲು ಆ 50. ಫೋನು ಹೊತ್ತದ್ದು ಮೊದಲ ದಿನದ 2,400.