ಜಂಬೂ ಸವಾರಿಯ ದಿನ ಅತಿಥಿಗೆ ದಾರಿ ಹೇಳುವ ಪತ್ರ

ಮೈಸೂರಿನ ಚಾಮುಂಡಿಪುರಂನಲ್ಲಿ ಮನೆಯ ಮಾಳಿಗೆಯನ್ನೇ ಅತಿಥಿಗೃಹ ಮಾಡಿಕೊಂಡಿರುವ ಒಬ್ಬ ಗೃಹಿಣಿ, ವಿಜಯದಶಮಿಗೆ ಮೂರು ದಿನ ಮೊದಲೇ ಅತಿಥಿಗಳಿಗೆ ಇಮೇಲ್ ಕಳಿಸುತ್ತಾರೆ. ಹತ್ತೇ ಸಾಲಿನ ಪತ್ರ. ಅದಕ್ಕೆ ಹಿಡಿಯುವ ಸಮಯ ಮಾತ್ರ ಒಂದಿಡೀ ಸಂಜೆ.

ಮೊದಲು ಅವರು ನಗರದ ನಕ್ಷೆ ಹರಡಿ ಮೆರವಣಿಗೆಯ ಗೆರೆ ಎಳೆಯುತ್ತಾರೆ. ಅರಮನೆಯಿಂದ ಹೊರಟ ಜಂಬೂ ಸವಾರಿ ಕೆ.ಆರ್. ವೃತ್ತ ದಾಟಿ, ಸಯ್ಯಾಜಿರಾವ್ ರಸ್ತೆ ಹಿಡಿದು, ಬಂಬೂ ಬಜಾರ್ ಮೂಲಕ ಬನ್ನಿಮಂಟಪ ಸೇರುತ್ತದೆ. ಸುಮಾರು ಐದು ಕಿಲೋಮೀಟರ್. ಈ ಗೆರೆ ಊರನ್ನು ಎರಡು ಹೋಳು ಮಾಡುತ್ತದೆ: ಸಬರ್ಬನ್ ಬಸ್ ನಿಲ್ದಾಣ ಪೂರ್ವಕ್ಕೆ, ರೈಲು ನಿಲ್ದಾಣ ಪಶ್ಚಿಮಕ್ಕೆ. ಅತಿಥಿ ಯಾವ ಹೋಳಿಗೆ ಬಂದಿಳಿಯುತ್ತಾರೆ ಎಂಬುದು ತಿಳಿಯದೆ ಅವರು ಒಂದಕ್ಷರವನ್ನೂ ಬರೆಯುವುದಿಲ್ಲ. ಹಾಗಾಗಿ ಕಾರಿಗೊಂದು, ರೈಲಿಗೊಂದು ಪತ್ರ. ಎರಡನ್ನೂ ಒಂದರಲ್ಲೇ ತುರುಕುವುದಿಲ್ಲ.

ರೈಲಿನವರದು ಸುಲಭ. ನಿಲ್ದಾಣದಿಂದ ಜೆ.ಎಲ್.ಬಿ. ರಸ್ತೆಯಲ್ಲಿ ರಾಮಸ್ವಾಮಿ ವೃತ್ತದ ಕಡೆ ಬಂದರೆ ಮೆರವಣಿಗೆಯ ಗೆರೆ ಅಡ್ಡ ಬರುವುದಿಲ್ಲ. ಬೆಂಗಳೂರಿನಿಂದ ಕಾರಿನಲ್ಲಿ ಬರುವವರ ಪತ್ರದಲ್ಲಿ ಅವರ ಕೈಚಳಕ ಕಾಣುತ್ತದೆ:

“ನಮಸ್ಕಾರ. ವಿಜಯದಶಮಿಯಂದು ಅರಮನೆ ಸುತ್ತಲ ರಸ್ತೆಗಳಲ್ಲಿ ವಾಹನ ಬಿಡುವುದಿಲ್ಲ. ಊರೊಳಗೆ ಬರಬೇಡಿ. ಬೆಂಗಳೂರು ರಸ್ತೆಯಲ್ಲಿ ಮಣಿಪಾಲ್ ಆಸ್ಪತ್ರೆ ಕಂಡ ಕೂಡಲೇ ಎಡಕ್ಕೆ ತಿರುಗಿ ರಿಂಗ್ ರೋಡ್ ಹಿಡಿಯಿರಿ. ಚಾಮುಂಡಿ ಬೆಟ್ಟ ನಿಮ್ಮ ಬಲಗಡೆ ಇರಲಿ. ಎ.ಪಿ.ಎಂ.ಸಿ. ಬಳಿ ನಂಜನಗೂಡು ರಸ್ತೆ ಸಿಕ್ಕಾಗ ಬಲಕ್ಕೆ ತಿರುಗಿ. ದಾರಿ ತಪ್ಪಿದರೆ ‘ಕೊಲಂಬಿಯಾ ಏಷಿಯಾ’ ಎಲ್ಲಿ ಎಂದು ಕೇಳಿ. ಆ ಆಸ್ಪತ್ರೆಯ ಹಳೆಯ ಹೆಸರು ಅದೇ.”

ಬೋರ್ಡಿನ ಮೇಲಿರುವ ಹೆಸರು ಓದುವುದಕ್ಕೆ, ಊರವರ ಬಾಯಲ್ಲಿರುವ ಹೆಸರು ಕೇಳುವುದಕ್ಕೆ. ಎರಡನ್ನೂ ಕೊಡುವ ಈ ಜಾಣ್ಮೆ ನನಗೆ ಬಹಳ ಹಿಡಿಸಿತು. ಬೆಟ್ಟದ ಮಾತೂ ಅಷ್ಟೇ: ಫೋನಿನ ನಕ್ಷೆ ಕೈಕೊಟ್ಟರೂ ಬೆಟ್ಟ ಎಲ್ಲಿಗೂ ಹೋಗುವುದಿಲ್ಲ.

ಫೋನಿನ ನಕ್ಷೆಗೂ ಒಂದು ಉಪಾಯ ಇಟ್ಟುಕೊಂಡಿದ್ದಾರೆ. ಮನೆಯ ವಿಳಾಸವನ್ನಷ್ಟೇ ಕೊಟ್ಟರೆ ಅದು ಹತ್ತಿರದ ದಾರಿ ಹುಡುಕಿ, ಕಾರನ್ನು ತಡೆಗಟ್ಟೆಯ ಮುಂದೆಯೇ ತಂದು ನಿಲ್ಲಿಸಬಹುದು. ಆದ್ದರಿಂದ ಮೊದಲ ಗುರುತನ್ನು ಎ.ಪಿ.ಎಂ.ಸಿ. ಬಳಿಯ ಕೂಡುರಸ್ತೆಗೆ ಹಾಕಿ, ಮನೆಯ ಗುರುತನ್ನು ಅದರ ಕೆಳಗೆ ಬೇರೆಯಾಗಿ ಕಳಿಸುತ್ತಾರೆ.

ಈ ಹದ ಒಂದೇ ಸಲಕ್ಕೆ ಬಂದದ್ದಲ್ಲ. ಮೊದಲ ವರ್ಷ ಅವರು “ಅರಮನೆ ಕಡೆ ಬರಬೇಡಿ” ಎಂದಷ್ಟೇ ಬರೆದಿದ್ದರಂತೆ. ಅರಮನೆ ಯಾವ ಕಡೆ ಎಂದು ಕೇಳಿ ಸಂಜೆಯವರೆಗೂ ಫೋನು ಬಡಿದುಕೊಂಡಿತು. ಈಗ ಮೈಸೂರು ನೋಡದ ಯಾರಿಗಾದರೂ ಪತ್ರ ಓದಿಸಿ, ಕಾಗದದ ಮೇಲೆ ದಾರಿ ಬರೆಯಲು ಹೇಳುತ್ತಾರೆ. ಅವರ ಪೆನ್ನು ಎಲ್ಲಿ ತಡೆಯುತ್ತದೋ ಆ ಸಾಲನ್ನು ತಿದ್ದುತ್ತಾರೆ.

ಮುಹೂರ್ತದ ವೇಳೆ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಪೊಲೀಸರ ಸಂಚಾರ ಆದೇಶವೂ ಬದಲಾಗುತ್ತದೆ. ಅದಕ್ಕೇ ಹಬ್ಬದ ದಿನ ಬೆಳಿಗ್ಗೆ ಆದೇಶವನ್ನು ಮತ್ತೊಮ್ಮೆ ನೋಡಿ ಎರಡನೇ ಪತ್ರ ಕಳಿಸುತ್ತಾರೆ. ಅದರಲ್ಲಿ ಅಂದೇ ರಾತ್ರಿ ಬೆಂಗಳೂರಿಗೆ ಮರಳುವವರಿಗೂ ಒಂದು ಸಾಲಿರುತ್ತದೆ: ಸಂಜೆ ಬನ್ನಿಮಂಟಪದಲ್ಲಿ ಪಂಜಿನ ಕವಾಯತು ಇದೆ, ಬಂದ ರಿಂಗ್ ರೋಡಿನಲ್ಲೇ ಹಿಂತಿರುಗಿ.