ಕುದುರೆ ಹೊರಳಾಡುತ್ತಿದೆ, ಹೊಟ್ಟೆ ಕೊಯ್ಯಬೇಕೆ?

ಕುದುರೆಗೆ ವಾಂತಿಯಾಗುವುದಿಲ್ಲ. ಅನ್ನನಾಳ ಜಠರವನ್ನು ಸೇರುವಲ್ಲಿರುವ ಸ್ನಾಯು ಎಷ್ಟು ಬಿಗಿ ಎಂದರೆ, ಒಳಗೆ ಒತ್ತಡ ಏರಿದಾಗ ಜಠರವೇ ಒಡೆದರೂ ಒಡೆದೀತು, ಆ ದಾರಿ ಮಾತ್ರ ತೆರೆಯುವುದಿಲ್ಲ. ನಾನೂರೈವತ್ತು ಕಿಲೋ ತೂಗುವ ಪ್ರಾಣಿಯ ಜಠರ ಹಿಡಿಸುವುದು ಹತ್ತು ಹದಿನೈದು ಲೀಟರ್ ಅಷ್ಟೆ. ಅಲ್ಲಿಂದ ಮುಂದೆ 20 ಮೀಟರಿಗೂ ಉದ್ದದ ಸಣ್ಣ ಕರುಳು, ಆಮೇಲೆ ಹುಲ್ಲು ಹುದುಗುವ ಸೀಕಮ್ ಎಂಬ ದೊಡ್ಡ ಚೀಲ, ಅದರಾಚೆ ದೊಡ್ಡ ಕರುಳು. ಈ ದೊಡ್ಡ ಕರುಳು ಬುಡದಲ್ಲಿ ಮಾತ್ರ ಬೆನ್ನ ಕಡೆಗೆ ಅಂಟಿಕೊಂಡಿರುತ್ತದೆ. ಉಳಿದದ್ದೆಲ್ಲ ಹೊಟ್ಟೆಯೊಳಗೆ ಸಡಿಲವಾಗಿ ಬಿದ್ದಿರುತ್ತದೆ. ಗಾಳಿ ತುಂಬಿದರೆ ತೇಲುತ್ತದೆ, ಜಾಗ ಬಿಟ್ಟು ಸರಿಯುತ್ತದೆ, ಕೆಲವೊಮ್ಮೆ ತನ್ನ ಸುತ್ತಲೇ ತಿರುಚಿಕೊಳ್ಳುತ್ತದೆ. ಹೀಗೆ ಕಟ್ಟಿದ ಹೊಟ್ಟೆಯಲ್ಲಿ ನೋವು ಬರದಿದ್ದರೇ ಆಶ್ಚರ್ಯ.

ಕುದುರೆಯ ಹೊಟ್ಟೆಶೂಲೆಗೆ ವೈದ್ಯರು ಕಾಲಿಕ್ ಎನ್ನುತ್ತಾರೆ. ಅದು ಒಂದು ರೋಗದ ಹೆಸರಲ್ಲ, ಹತ್ತಾರು ಕಾರಣಗಳಿಗೆ ಇಟ್ಟ ಒಂದೇ ಹೆಸರು. ಲಾಯಕ್ಕೆ ಬಂದ ವೈದ್ಯರು ನೋಡುವ ಹತ್ತು ಶೂಲೆಗಳಲ್ಲಿ ಒಂಬತ್ತು ಇಂಜೆಕ್ಷನ್, ನೀರು, ಉಪವಾಸಗಳಲ್ಲೇ ಇಳಿಯುತ್ತವೆ. ಹತ್ತನೆಯದರಲ್ಲಿ ಕರುಳಿನ ಒಂದು ತುಂಡಿಗೆ ರಕ್ತ ನಿಂತುಹೋಗಿರುತ್ತದೆ. ಅದಕ್ಕೆ ಔಷಧ ಕೊಡುತ್ತ ಕೂತರೆ ಕುದುರೆ ಹೋಗುತ್ತದೆ. ಹಾಗೆಂದು ಉಳಿದ ಒಂಬತ್ತರ ಹೊಟ್ಟೆ ಸೀಳುವಂತೆಯೂ ಇಲ್ಲ. ಮೊದಲ ಒಂದೆರಡು ತಾಸಿನಲ್ಲೇ, ಹೆಚ್ಚಾಗಿ ಕತ್ತಲ ಹೊತ್ತಿನಲ್ಲಿ, ಲಾಯದ ಬಲ್ಬಿನ ಬೆಳಕಿನಲ್ಲಿ ಈ ಎರಡನ್ನು ಬೇರೆ ಮಾಡಬೇಕು.

ಒಂದು ಮಾದರಿ ಕುದುರೆಯನ್ನು ಕಣ್ಣ ಮುಂದೆ ಇಟ್ಟುಕೊಳ್ಳೋಣ. ಬೆಂಗಳೂರಿನ ಹೊರವಲಯದ ಸವಾರಿ ಶಾಲೆಯೊಂದರಲ್ಲಿ ಹದಿನಾರು ವರ್ಷದ, ಬೀಜ ತೆಗೆದ ಗಂಡು ಕುದುರೆ. ರೇಸಿನಿಂದ ನಿವೃತ್ತಿಯಾದದ್ದು, ಈಗ ಮಕ್ಕಳನ್ನು ಹೊತ್ತು ಸುತ್ತುತ್ತದೆ. ರಾತ್ರಿ ಎಂಟರ ಹೊತ್ತಿಗೆ ಸೈಸ್ ಇಟ್ಟ ಹುರುಳಿಯನ್ನು ಮೂಸಿ ಬಿಟ್ಟಿತು. ಮುಂಗಾಲಿನಿಂದ ನೆಲ ಕೆರೆಯಿತು, ತಿರುಗಿ ತಿರುಗಿ ತನ್ನ ಪಕ್ಕೆ ನೋಡಿಕೊಂಡಿತು. ಒಂಬತ್ತಕ್ಕೆ ಮಲಗಿ ಹೊರಳಿತು, ಎದ್ದಿತು, ಮತ್ತೆ ದೊಪ್ಪನೆ ಬಿತ್ತು. ವೈದ್ಯರು ಬಂದಾಗ ಕುತ್ತಿಗೆ ಪೂರಾ ಬೆವರು.

“ಲದ್ದಿ ಯಾವಾಗ ಹಾಕಿತ್ತು?”

“ಸಂಜೆ ಒಂದು ಸಲ ಹಾಕಿತ್ತು ಸಾರ್. ಆಮೇಲೆ ಇಲ್ಲ. ಗೊಟ್ಟದಲ್ಲಿ ಎಣ್ಣೆ ಹಾಕೋಣಾಂತಿದ್ವಿ.”

“ಹಾಕಿಲ್ಲ ತಾನೆ? ಬದುಕಿಕೊಂಡ್ರಿ.”

ವೈದ್ಯರು ಹಾಗೆಂದದ್ದು ಬರೀ ಮಾತಿಗಲ್ಲ. ನೋವಿನಲ್ಲಿ ಒದ್ದಾಡುವ ಕುದುರೆಯ ಬಾಯಿಗೆ ಎಣ್ಣೆ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಸರಿಯಾಗಿ ಇಳಿದರೂ, ಆಗಲೇ ತುಂಬಿ ಬಿರಿಯುತ್ತಿರುವ ಜಠರಕ್ಕೆ ಇನ್ನಷ್ಟು ಹೊರೆ.

ಇಂಜೆಕ್ಷನ್ ಕೊಡುವ ಮೊದಲೇ ನಾಡಿ ಎಣಿಸಬೇಕು, ಹೊಟ್ಟೆಯ ಸದ್ದು ಕೇಳಬೇಕು. ಈ ಕ್ರಮ ತಪ್ಪಿದರೆ ಮುಂದಿನದೆಲ್ಲ ಗೊಂದಲ. ಕುದುರೆಯನ್ನು ಮಂಪರಿಗೆ ತರುವ ಜೈಲಜಿನ್ ನಾಡಿಯನ್ನು ಇಳಿಸುತ್ತದೆ, ಕರುಳನ್ನೂ ಸುಮ್ಮನಾಗಿಸುತ್ತದೆ. ಸೆಳೆತ ಬಿಡಿಸುವ ಬಸ್ಕೋಪಾನ್ ನಾಡಿಯನ್ನು ಅರ್ಧ ತಾಸು ಏರಿಸಿಡುತ್ತದೆ. ಮದ್ದು ಚುಚ್ಚಿದ ಮೇಲೆ ಎಣಿಸಿದರೆ, ಎಣಿಸಿದ್ದು ಕುದುರೆಯನ್ನೋ ಮದ್ದನ್ನೋ ತಿಳಿಯುವುದಿಲ್ಲ. ವಿಶ್ರಾಂತಿಯಲ್ಲಿರುವ ಆರೋಗ್ಯದ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44. ನಮ್ಮ ಕುದುರೆಯದು 68. ಒಸಡನ್ನು ಬೆರಳಲ್ಲಿ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು. ಇಲ್ಲಿ ಮೂರು ದಾಟಿತು, ಒಸಡು ಅಂಟಂಟು.

ನೋವು ಎಷ್ಟಿದೆ ಎಂಬುದಕ್ಕಿಂತ, ಮದ್ದಿಗೆ ಅದು ಬಗ್ಗುತ್ತದೆಯೇ ಎಂಬುದು ಹೆಚ್ಚು ಹೇಳುತ್ತದೆ. ಗಾಳಿ ತುಂಬಿದ ಬರೀ ಸೆಳೆತದ ಶೂಲೆಯೂ ಕುದುರೆಯನ್ನು ನೆಲಕ್ಕೆ ಕೆಡವಬಲ್ಲದು. ಆದರೆ ಫ್ಲುನಿಕ್ಸಿನ್ ರಕ್ತನಾಳಕ್ಕೆ ಹೋದ ಸ್ವಲ್ಪ ಹೊತ್ತಿಗೆ ಅದು ಎದ್ದು ನಿಂತು ಹುಲ್ಲು ಹುಡುಕುತ್ತದೆ. ಆ ಮದ್ದಿನ ಪೂರ್ಣ ಪ್ರಮಾಣ ಕಿಲೋಗೆ 1.1 ಮಿಲಿಗ್ರಾಂ, ನಮ್ಮ ಕುದುರೆಗೆ ಸುಮಾರು 500 ಮಿಲಿಗ್ರಾಂ. ಅದರ ಪರಿಣಾಮ ಎಂಟು ಹತ್ತು ತಾಸಾದರೂ ಇರಬೇಕು. ಒಂದೆರಡು ತಾಸಿನಲ್ಲೇ ಮತ್ತೆ ಹೊರಳಾಟ ಶುರುವಾದರೆ ಅದು ಶಸ್ತ್ರಚಿಕಿತ್ಸೆಯ ಕಡೆಗೆ ಬಲವಾಗಿ ಬೊಟ್ಟು ಮಾಡುತ್ತದೆ. ಇನ್ನೊಂದು ಇಂಜೆಕ್ಷನ್ ಕೊಟ್ಟು ಬೆಳಗಾಗಲಿ ಎಂದು ಕಾಯುವುದರಿಂದಲೇ ಎಷ್ಟೋ ಕುದುರೆಗಳು ಸಾಯುತ್ತವೆ. ಮನೆಯಲ್ಲಿಟ್ಟುಕೊಂಡ ಬಾಟಲಿಯಿಂದ ಮಾಂಸಖಂಡಕ್ಕೆ ಚುಚ್ಚುವ ಅಭ್ಯಾಸವಂತೂ ಬೇಡವೇ ಬೇಡ. ಚುಚ್ಚಿದ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಬೆಳೆದು ಮಾಂಸ ಕೊಳೆತ ಉದಾಹರಣೆಗಳಿವೆ.

ನೋವು ಮೋಸವನ್ನೂ ಮಾಡುತ್ತದೆ. ಕತ್ತೆಗಳು ಅದನ್ನು ಬಚ್ಚಿಡುತ್ತವೆ. ಮೇವು ಬಿಟ್ಟು ಮಂಕಾಗಿ ನಿಂತ ಕತ್ತೆಯ ಹೊಟ್ಟೆಯಲ್ಲಿ ಕರುಳು ಕೊಳೆಯುತ್ತಿರಬಹುದು. ಅದಕ್ಕಿಂತ ಭಯದ್ದು, ತಾಸುಗಟ್ಟಲೆ ಒದ್ದಾಡಿದ ಕುದುರೆ ಇದ್ದಕ್ಕಿದ್ದಂತೆ ಶಾಂತವಾಗುವುದು. ಕರುಳು ಸತ್ತಾಗ, ಅಥವಾ ಜಠರ ಒಡೆದಾಗ, ಹಿಗ್ಗಿದ ಗೋಡೆಯ ಎಳೆತ ತಪ್ಪಿ ನೋವು ಇಳಿಯುತ್ತದೆ. ಮಾಲೀಕರು ನಿಟ್ಟುಸಿರು ಬಿಡುತ್ತಾರೆ. ಆಗ ನಾಡಿ ನೋಡಿ. ನಿಜವಾಗಿ ವಾಸಿಯಾಗುತ್ತಿರುವ ಕುದುರೆಯ ನಾಡಿ ನಲವತ್ತರತ್ತ ಇಳಿಯುತ್ತದೆ; ಇದರದು 90 ದಾಟಿರುತ್ತದೆ, ಒಸಡು ಕಪ್ಪುಗೆಂಪಾಗಿರುತ್ತದೆ, ಕಿವಿ ತಣ್ಣಗಿರುತ್ತವೆ.

ಸದ್ದಿನ ವಿಷಯಕ್ಕೆ ಬರೋಣ. ಸ್ಟೆತಸ್ಕೋಪನ್ನು ಎರಡೂ ಪಕ್ಕೆಗಳ ಮೇಲೆ ಮತ್ತು ಕೆಳಗೆ, ಹೀಗೆ ನಾಲ್ಕು ಕಡೆ ಇಟ್ಟು, ಪ್ರತಿಯೊಂದು ಕಡೆ ಕಡೇಪಕ್ಷ ಒಂದು ನಿಮಿಷ ಕೇಳಬೇಕು. ಬಲಪಕ್ಕೆಯ ಮೇಲ್ಭಾಗದಲ್ಲಿ ಒಂದೆರಡು ನಿಮಿಷಕ್ಕೊಮ್ಮೆ ಮೇಲಿನಿಂದ ನೀರು ಧುಮುಕಿದಂಥ ಉದ್ದನೆಯ ಸದ್ದು ಬರುತ್ತದೆ, ಅದು ಸೀಕಮ್ಮಿನದು. ಉಳಿದ ಕಡೆ ಗುಡುಗುಡು. ಸೆಳೆತದ ಶೂಲೆಯಲ್ಲಿ ಈ ಗುಡುಗುಡು ಹೆಚ್ಚಾಗಿ, ಪಕ್ಕದಲ್ಲಿ ನಿಂತವರಿಗೂ ಕೇಳುತ್ತದೆ. ಅದು ಸಾಮಾನ್ಯವಾಗಿ ಒಳ್ಳೆಯ ಸುದ್ದಿ. ನಾಲ್ಕೂ ಕಡೆ ಮೌನವಾದರೆ ಕರುಳು ನಿಂತಿದೆ ಎಂದರ್ಥ. ಯಾಕೆ ನಿಂತಿದೆ ಎಂಬುದನ್ನು ಮೌನ ಹೇಳುವುದಿಲ್ಲ. ಬರೀ ನೋವಿಗೂ ಕರುಳು ಸ್ತಬ್ಧವಾಗುತ್ತದೆ, ಮಂಪರಿನ ಮದ್ದಿಗೂ ಆಗುತ್ತದೆ. ಹಾಗಾಗಿ ಸದ್ದೊಂದನ್ನೇ ನಂಬಿ ಹೊಟ್ಟೆ ಸೀಳುವವರಿಲ್ಲ. ಮೌನ ತಾಸುಗಟ್ಟಲೆ ಮುಂದುವರಿದು, ಜೊತೆಗೆ ಹೊಟ್ಟೆ ಉಬ್ಬುತ್ತ ಹೋದರೆ ಮಾತು ಬೇರೆ. ನಮ್ಮ ಕುದುರೆಯ ಎಡಗಡೆ ಏನೂ ಇರಲಿಲ್ಲ; ಬಲಗಡೆ ಎರಡು ನಿಮಿಷಕ್ಕೊಂದು ಕ್ಷೀಣ ಸದ್ದು.

ಮುಂದಿನದು ಮೂಗಿನ ಟ್ಯೂಬು. ಕುದುರೆ ಕಕ್ಕಲಾರದಾದ್ದರಿಂದ ವೈದ್ಯರೇ ಕಕ್ಕಿಸಬೇಕು. ಮೂಗಿನ ಹೊಳ್ಳೆಯಿಂದ ಜಠರದವರೆಗೆ ಟ್ಯೂಬು ಇಳಿಸಿ, ಸ್ವಲ್ಪ ನೀರು ಬಿಟ್ಟು, ತುದಿಯನ್ನು ಬಕೆಟ್ಟಿಗೆ ತಗ್ಗಿಸುತ್ತಾರೆ. ಬಿಟ್ಟ ನೀರಿಗಿಂತ ಎರಡು ಲೀಟರ್ ಹೆಚ್ಚು ವಾಪಸು ಬಂದರೆ ಅದು ಅಸಹಜ. ಇಲ್ಲಿ ಹುಳಿ ವಾಸನೆಯ ಹಸಿರು ನೀರು ಎಂಟು ಲೀಟರ್ ಬಂತು. ಅಡ್ಡಿ ಇರುವುದು ಸಣ್ಣ ಕರುಳಿನಲ್ಲಿ ಎಂಬ ಅನುಮಾನ ಇಲ್ಲಿಗೆ ಗಟ್ಟಿಯಾಯಿತು.

ಆಮೇಲೆ ಗುದದ ಮೂಲಕ ಕೈ. ಭುಜದವರೆಗಿನ ಕೈಗವಸು, ಧಾರಾಳ ಜಾರುಮದ್ದು, ಮಂಪರು, ಬಸ್ಕೋಪಾನ್. ಮೊದಲು ಲದ್ದಿಯನ್ನೆಲ್ಲ ತೆಗೆಯಬೇಕು. ಕರುಳು ಕೈಯನ್ನು ಹಿಂಡಿದಾಗ ಎದುರು ನೂಕದೆ ನಿಲ್ಲಬೇಕು, ಇಲ್ಲವೇ ಹಿಂದೆ ಸರಿಯಬೇಕು. ನೂಕಿದರೆ ಗುದನಾಳ ಹರಿಯುತ್ತದೆ, ಪೂರ್ತಿ ಹರಿದರೆ ಆ ಗಾಯವೇ ಕುದುರೆಯನ್ನು ಕೊಲ್ಲುತ್ತದೆ. ಗವಸಿನ ಮೇಲೆ ರಕ್ತ ಕಂಡರೆ ಪರೀಕ್ಷೆ ಅಲ್ಲಿಗೇ ನಿಲ್ಲಬೇಕು, ಮಾಲೀಕರಿಗೆ ಅದನ್ನು ಆಗಲೇ ಹೇಳಬೇಕು.

ಕೈಗೆ ಸಿಗುವುದು ಹೊಟ್ಟೆಯ ಹಿಂಭಾಗದ ಮೂರನೇ ಒಂದರಷ್ಟೋ ತುಸು ಹೆಚ್ಚೋ. ಅಷ್ಟರಲ್ಲೇ ಬಹಳ ತಿಳಿಯುತ್ತದೆ. ಎಡಗಡೆ ಗೋಡೆಗೆ ಒರಗಿದ ಗುಲ್ಮದ ಅಂಚು, ಅದರಾಚೆ ಮೂತ್ರಪಿಂಡ. ಇವೆರಡರ ನಡುವಿನ ಸಂದಿಗೆ ದೊಡ್ಡ ಕರುಳು ಹತ್ತಿ ಕೂತಿದ್ದರೆ ಬೆರಳಿಗೆ ಸಿಗುತ್ತದೆ. ದೊಡ್ಡ ಕರುಳು ಎಡಗಡೆ ಹಿಂದೆ ತಟ್ಟನೆ ತಿರುಗಿ ಕಿರಿದಾಗುವ ಜಾಗವೊಂದಿದೆ. ನೀರು ಕಡಿಮೆ ಕುಡಿದ, ಒರಟು ಹುಲ್ಲು ತಿಂದ, ಹಲ್ಲು ಸವೆದ ಕುದುರೆಗಳಲ್ಲಿ ಮೇವು ಅಲ್ಲೇ ಗಟ್ಟಿಯಾಗಿ ಸಿಕ್ಕಿಕೊಳ್ಳುತ್ತದೆ. ಬೆರಳೊತ್ತಿದರೆ ಗುಳಿ ಬೀಳುವ ಉದ್ದನೆಯ ಗಡ್ಡೆ ಕೈಗೆ ಸಿಕ್ಕಿ, ನೋವು ಮಂದವಾಗಿದ್ದು, ನಾಡಿ ಐವತ್ತರೊಳಗಿದ್ದರೆ ಶಸ್ತ್ರಚಿಕಿತ್ಸೆಯ ಮಾತೇ ಬೇಡ. ಟ್ಯೂಬಿನಲ್ಲಿ ಏನೂ ವಾಪಸು ಬರದಿದ್ದರೆ ಅದೇ ಟ್ಯೂಬಿನಿಂದ ಕೆಲವು ತಾಸಿಗೊಮ್ಮೆ ಆರೆಂಟು ಲೀಟರ್ ನೀರು, ಜೊತೆಗೆ ಲವಣ, ಲದ್ದಿ ಬರುವವರೆಗೆ ಮೇವು ಬಂದ್. ಒಂದೆರಡು ದಿನ ತಾಳ್ಮೆ ಬೇಕು.

ಸಣ್ಣ ಕರುಳು ಆರೋಗ್ಯದ ಕುದುರೆಯಲ್ಲಿ ಕೈಗೆ ಸಿಗುವುದೇ ಇಲ್ಲ ಎನ್ನಬಹುದು. ಮೆತ್ತಗೆ ಜಾರಿಹೋಗುತ್ತದೆ. ನಮ್ಮ ಕುದುರೆಯಲ್ಲಿ ಸಿಕ್ಕಿತು: ಗಾಳಿ ಹೊಡೆದ ಸೈಕಲ್ ಟ್ಯೂಬಿನಂತೆ ಬಿಗಿದ ಮೂರು ಸುರುಳಿ, ಒಂದರ ಮೇಲೊಂದು. ಒಂದನ್ನು ಮುಟ್ಟಿದಾಗ ಮಂಪರಿನಲ್ಲೂ ಕುದುರೆ ಕುಸಿಯಿತು.

ಆದರೂ ಇಷ್ಟಕ್ಕೇ ಕೊಯ್ಯುವ ನಿರ್ಧಾರ ಆಗುವುದಿಲ್ಲ. ಸಣ್ಣ ಕರುಳಿನ ಮೊದಲ ಭಾಗಕ್ಕೆ ಉರಿಯೂತ ಬಂದರೂ ಟ್ಯೂಬಿನಲ್ಲಿ ಲೀಟರುಗಟ್ಟಲೆ ನೀರು ಬರುತ್ತದೆ, ಸದ್ದು ಅಡಗುತ್ತದೆ, ಸುರುಳಿಗಳು ಕೈಗೆ ಸಿಗುತ್ತವೆ. ಅದಕ್ಕೆ ಮಾಡಬೇಕಾದ್ದು ಮತ್ತೆ ಮತ್ತೆ ಜಠರ ಖಾಲಿ ಮಾಡುವುದು, ರಕ್ತನಾಳಕ್ಕೆ ದ್ರವ ಕೊಡುವುದು. ಇಬ್ಬರು ಅನುಭವಿ ವೈದ್ಯರು ಇಲ್ಲಿ ಭಿನ್ನಮತ ತಾಳಿದರೆ ತಪ್ಪೇನಿಲ್ಲ. ವ್ಯತ್ಯಾಸ ಹಿಡಿಯುವುದು ಮತ್ತೆ ನೋವಿನಿಂದಲೇ: ಉರಿಯೂತದ ಕುದುರೆಗೆ ಜ್ವರವಿರಬಹುದು, ಜಠರ ಖಾಲಿಯಾದ ಕೂಡಲೇ ನೋವು ಇಳಿದು ಮಂಕಾಗಿ ನಿಲ್ಲುತ್ತದೆ, ನಾಡಿಯೂ ಇಳಿಯುತ್ತದೆ. ಕರುಳು ಬಿಗಿದುಕೊಂಡ ಕುದುರೆ ಎಂಟು ಲೀಟರ್ ತೆಗೆದ ಮೇಲೂ ಬೀಳುತ್ತದೆ. ನಮ್ಮದು ನಲವತ್ತು ನಿಮಿಷ ಸುಮ್ಮನಿದ್ದು ಮತ್ತೆ ನೆಲ ಕೆರೆಯಿತು. ನಾಡಿ ಈಗ 76, ಜ್ವರವಿಲ್ಲ.

ಹೊಟ್ಟೆಯ ತಳಕ್ಕೆ ಸೂಜಿ ಚುಚ್ಚಿ ಒಳಗಿನ ದ್ರವದ ಒಂದೆರಡು ಹನಿ ತೆಗೆದರು. ತಿಳಿ ಹಳದಿಯಾಗಿ, ಹಿಂದಿಟ್ಟ ಅಕ್ಷರ ಓದುವಷ್ಟು ಸ್ವಚ್ಛವಾಗಿರಬೇಕಾದದ್ದು ಕೆಂಪಗೆ, ಮಬ್ಬಾಗಿ ಬಂತು. ಉಸಿರುಗಟ್ಟಿದ ಅಂಗಾಂಶದಿಂದ ಸೋರುವ ಲ್ಯಾಕ್ಟೇಟ್ ರಕ್ತದಲ್ಲಿದ್ದುದಕ್ಕಿಂತ ಆ ದ್ರವದಲ್ಲಿ ದುಪ್ಪಟ್ಟಿತ್ತು. ಇನ್ನು ಕಾಯುವುದಕ್ಕೆ ಕಾರಣ ಉಳಿಯಲಿಲ್ಲ.

ಇಂಥ ಶಸ್ತ್ರಚಿಕಿತ್ಸೆ ಎಲ್ಲೆಂದರಲ್ಲಿ ಆಗುವುದಲ್ಲ. ನಾನೂರೈವತ್ತು ಕಿಲೋದ ಪ್ರಾಣಿಯನ್ನು ಪೂರ್ಣ ಅರಿವಳಿಕೆಯಲ್ಲಿ ಬೆನ್ನ ಮೇಲೆ ಮಲಗಿಸುವ ಮೇಜು, ಅರಿವಳಿಕೆ ತಜ್ಞರು, ಎಚ್ಚರವಾಗುವಾಗ ಕಾಲು ಮುರಿದುಕೊಳ್ಳದಂತೆ ಮೆತ್ತೆ ಹೊದಿಸಿದ ಕೋಣೆ, ಎಲ್ಲ ಬೇಕು. ಖರ್ಚು ಲಕ್ಷಗಳಲ್ಲಿ. ಮಾಲೀಕರು ಆಗುವುದಿಲ್ಲ ಎಂದರೆ ಆ ಮಾತನ್ನೂ ಈ ಹಂತದಲ್ಲೇ ಹೇಳಬೇಕು. ದಯಾಮರಣ ಕೊಡುವುದಿದ್ದರೂ ಈಗಲೇ ಕೊಡುವುದು ನ್ಯಾಯ, ಬೆಳಗಿನ ಜಾವದವರೆಗೆ ನರಳಿಸಿ ಅಲ್ಲ. ಸಾಗಿಸುವುದೆಂದಾದರೆ ಟ್ಯೂಬನ್ನು ಮೂಗಿನಲ್ಲೇ ಬಿಟ್ಟು ಕಟ್ಟಿ ಲಾರಿ ಹತ್ತಿಸುತ್ತಾರೆ. ದಾರಿಯಲ್ಲಿ ಜಠರ ಮತ್ತೆ ತುಂಬಿ ಒಡೆಯಬಾರದಲ್ಲ.

ವಯಸ್ಸಾದ ಕುದುರೆಯಲ್ಲಿ ಹೀಗಾದಾಗ ಹೊಟ್ಟೆ ತೆರೆದವರು ಮೊದಲು ಹುಡುಕುವುದು ಕೊಬ್ಬಿನ ಗಡ್ಡೆಯನ್ನು. ಕರುಳನ್ನು ಹಿಡಿದಿಟ್ಟ ಪೊರೆಯಿಂದ ಉದ್ದನೆಯ ತೊಟ್ಟಿನಲ್ಲಿ ಅದು ವರ್ಷಗಟ್ಟಲೆ ನಿರುಪದ್ರವಿಯಾಗಿ ಜೋತಾಡಿಕೊಂಡಿರುತ್ತದೆ. ಒಂದು ದಿನ ಆ ತೊಟ್ಟು ಸಣ್ಣ ಕರುಳಿಗೆ ಸುತ್ತಿಕೊಂಡು ಬಿಗಿಯುತ್ತದೆ. ಇಲ್ಲೂ ಅದೇ. ತೊಟ್ಟು ಕತ್ತರಿಸಿದರು. ಬಿಗಿತ ಬಿಟ್ಟ ಮೇಲೆ ಕೆಲವು ನಿಮಿಷ ಕಾದರು, ಬಣ್ಣ ಮರಳುತ್ತದೆಯೇ, ಮುಟ್ಟಿದರೆ ಮಿಡಿಯುತ್ತದೆಯೇ ಎಂದು. ಸುಮಾರು ಎರಡು ಮೀಟರ್ ಕಪ್ಪಾಗಿಯೇ ಉಳಿಯಿತು. ಅದನ್ನು ಕತ್ತರಿಸಿ ತೆಗೆದು ಎರಡೂ ತುದಿಗಳನ್ನು ಸೇರಿಸಿ ಹೊಲಿದರು. ಮರುದಿನವೂ ಟ್ಯೂಬಿನಲ್ಲಿ ನೀರು ಬರುತ್ತಲೇ ಇತ್ತು, ಯಾಕೆಂದರೆ ಸಣ್ಣ ಕರುಳಿನ ಕೆಲಸವಾದ ಮೇಲೆ ಅದು ಚಲನೆಗೆ ಮರಳಲು ತಡಮಾಡುವುದು ಮಾಮೂಲು. ಮೂರನೆಯ ದಿನ ನಾಡಿ 44ಕ್ಕೆ ಇಳಿಯಿತು, ಬಲಪಕ್ಕೆಯಲ್ಲಿ ಸೀಕಮ್ಮಿನ ಸದ್ದು ಕೇಳಿತು, ಒಂದು ಹಿಡಿ ಹಸಿಹುಲ್ಲು ಕೊಟ್ಟರು.