ಆರು ತಿಂಗಳ ಮೇಲೆ ಮತ್ತೊಂದು ಮೇಲ್

ಬೆಂಗಳೂರಿನ ಅನೇಕ ಐಟಿ ಕಂಪನಿಗಳು ಇಂಟರ್‌ವ್ಯೂನಲ್ಲಿ ಆಯ್ಕೆಯಾಗದವರನ್ನು ಕೆಲವು ತಿಂಗಳು, ಸಾಮಾನ್ಯವಾಗಿ ಆರು, ಮತ್ತೆ ಕರೆಯುವುದಿಲ್ಲ. ಇದೇ ಕೂಲಿಂಗ್ ಪೀರಿಯಡ್. ಅದು ಮುಗಿದ ಮೇಲೆ ರಿಕ್ರೂಟರ್‌ಗೆ ಬರೆಯುವಾಗ ಹಳೆಯ ಮೇಲ್‌ಗೇ ರಿಪ್ಲೈ ಮಾಡಿ. ಅವರಿಗೆ ನಿಮ್ಮ ಹೆಸರು ಮರೆತಿರುತ್ತದೆ. ಕೆಳಗಿರುವ ಹಳೆಯ ಮಾತುಕತೆ ನೆನಪಿಸುತ್ತದೆ.

ಟೆಸ್ಟಿಂಗ್ ಹುದ್ದೆಯೊಂದು ಆಟೊಮೇಷನ್ ಅನುಭವ ಸಾಲದೆಂದು ಕೈತಪ್ಪಿತ್ತು ಎನ್ನಿ. ಹೀಗೆ ಬರೆಯಬಹುದು: “ನಮಸ್ತೆ ಮೇಡಂ, ಜನವರಿಯಲ್ಲಿ ಟೆಸ್ಟಿಂಗ್ ಹುದ್ದೆಗೆ ಮೂರನೇ ಸುತ್ತಿನವರೆಗೆ ಬಂದಿದ್ದೆ. ಆಗ ಗೊತ್ತಿರದಿದ್ದ ಸೆಲೆನಿಯಂನಲ್ಲಿ ಈಗ ನಾಲ್ಕು ತಿಂಗಳಿಂದ ಕೆಲಸ ಮಾಡುತ್ತಿದ್ದೇನೆ. ನಿಮ್ಮ ವೆಬ್‌ಸೈಟಿನಲ್ಲಿರುವ ಆಟೊಮೇಷನ್ ಹುದ್ದೆಗೆ ಪರಿಗಣಿಸುವಿರಾ? ನೋಟಿಸ್ ಅವಧಿ 30 ದಿನ.” ಬರೀ “ಓಪನಿಂಗ್ ಇದೆಯಾ?” ಎಂದರೆ ಹುಡುಕುವ ಹೊರೆ ಅವರ ಮೇಲೆ ಬೀಳುತ್ತದೆ; ಅಷ್ಟು ಪುರುಸೊತ್ತು ಯಾರಿಗಿದೆ?

ಮೇಲ್ ವಾಪಸ್ ಬಂದರೆ ಅವರೇ ಕಂಪನಿ ಬಿಟ್ಟಿರಬಹುದು. ಲಿಂಕ್ಡ್‌ಇನ್‌ನಲ್ಲಿ ಹುಡುಕಿ; ಹೊಸ ಕಂಪನಿಯಲ್ಲಿ ಕೂಲಿಂಗ್ ಪೀರಿಯಡ್‌ನ ಕಾಟವೂ ಇರದು.